ಸ್ಟೇಟ್‌ಮೆಂಟ್ ಜೊತೆ ಒಂದು ಪತ್ರ: ಹಳೆ ಬಾಕಿ ವಸೂಲಿಗೆ ಎಂಟು ಸೂತ್ರಗಳು

ವಾಡಿಯಲ್ಲಿ ಎಸಿಸಿ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಚಿತ್ತಾಪುರ ತಾಲ್ಲೂಕಿನಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನಲ್ಲಿ ಚೆಟ್ಟಿನಾಡ್. ಶಹಾಬಾದಿನ ಕಲ್ಲಿನ ನೆಲದ ಸುತ್ತ ಇಷ್ಟು ಸಿಮೆಂಟ್ ಹೆಸರುಗಳಿವೆ. ಈ ಭಾಗದಲ್ಲಿ ಚೀಲಕ್ಕೆ ಕೊರತೆಯಿಲ್ಲ, ಉದ್ರಿಗೂ ಕೊರತೆಯಿಲ್ಲ. ತಿಂಗಳು ಮುಗಿದ ಕೂಡಲೇ ಡಿಪೋದಿಂದ ಡಿಸ್ಟ್ರಿಬ್ಯೂಟರ್‌ಗೆ ಲೆಡ್ಜರ್ ಹೋಗುತ್ತದೆ, ಮೇಲೊಂದು ಕವರಿಂಗ್ ಲೆಟರ್ ಇರುತ್ತದೆ. 'ಲಗತ್ತಿಸಿದ ಸ್ಟೇಟ್‌ಮೆಂಟ್ ನೋಡಿ ಬಾಕಿ ಪಾವತಿಸಿ' ಎಂಬ ಒಂದೇ ಸಾಲಿನ ಪತ್ರವಾದರೆ ಅದು ಅಂಗಡಿಯ ಮೊಳೆಗೆ ಸಿಕ್ಕಿಸಿಕೊಂಡು ಅಲ್ಲೇ ಹಳದಿಯಾಗುತ್ತದೆ. ದುಡ್ಡು ತರುವ ಪತ್ರ ಹೇಗಿರಬೇಕು ಎಂಬುದನ್ನು ಒಂದು ಲೆಕ್ಕ ಹಿಡಿದುಕೊಂಡೇ ನೋಡೋಣ. ಲೆಕ್ಕ ಕಲ್ಪಿತ, ಆದರೆ ಇಂಥದ್ದು ಯಾವ ಡಿಪೋದಲ್ಲೂ ಸಿಗುತ್ತದೆ.

ಚಿತ್ತಾಪುರದ ಒಬ್ಬ ಡಿಸ್ಟ್ರಿಬ್ಯೂಟರ್, 30 ದಿನದ ಉದ್ರಿ. 2026ರ ಜನವರಿ 31ಕ್ಕೆ ಲೆಡ್ಜರಿನ ಬಾಕಿ 9,40,000 ರೂಪಾಯಿ.

1. ಮೊದಲು ತೇಲುವ ಜಮಾ ಹಿಡಿಯಿರಿ

ಕಂಪ್ಯೂಟರ್ ಕೊಟ್ಟ ವಯಸ್ಸಿನ ಪಟ್ಟಿಯನ್ನು ಹಾಗೇ ಪತ್ರಕ್ಕೆ ಇಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮ ಲೆಕ್ಕದಲ್ಲಿ ಬಿಲ್ಲುಗಳ ವಯಸ್ಸು ಹೀಗಿದೆ: 30 ದಿನದೊಳಗೆ 4,10,000. 31ರಿಂದ 60 ದಿನ 2,30,000. 61ರಿಂದ 90 ದಿನ 1,20,000. 91ರಿಂದ 180 ದಿನ 1,60,000. 180 ದಾಟಿದ್ದು 1,45,000. ಇದು 2025ರ ಜುಲೈ 20ರ ಒಂದೇ ಬಿಲ್.

ಕೂಡಿ ನೋಡಿ, 10,65,000 ಬರುತ್ತದೆ. ಲೆಡ್ಜರ್ ಮಾತ್ರ 9,40,000 ಎನ್ನುತ್ತದೆ. ನಡುವಿನ 1,25,000 ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಯಾವ ಬಿಲ್ಲಿಗೂ ಸೇರದೆ ಖಾತೆಯಲ್ಲಿ ತೇಲುತ್ತಿದೆ. ನವೆಂಬರಿನಲ್ಲಿ ಡಿಸ್ಟ್ರಿಬ್ಯೂಟರ್ ಬಿಲ್ ನಂಬರ್ ಬರೆಯದೆ ಆರ್‌ಟಿಜಿಎಸ್ ಮಾಡಿದ 75,000 'ಆನ್ ಅಕೌಂಟ್' ಎಂದು ಜಮಾ ಆಗಿದೆ. ಅರ್ಧ ವರ್ಷದ ಕ್ವಾಂಟಿಟಿ ಡಿಸ್ಕೌಂಟಿನ 50,000ದ ಕ್ರೆಡಿಟ್ ನೋಟ್ ಕೂಡ ಹಾಗೇ ಬಿದ್ದಿದೆ. ಇವೆರಡನ್ನೂ ಎಲ್ಲಕ್ಕಿಂತ ಹಳೆಯದಾದ ಜುಲೈ ಬಿಲ್ಲಿಗೆ ಕೂಡಿಸಿದರೆ ಉಳಿಯುವುದು 20,000 ಮಾತ್ರ.

ಈಗ ಯೋಚಿಸಿ. 'ಆರು ತಿಂಗಳು ದಾಟಿದ ಬಾಕಿ 1.45 ಲಕ್ಷ' ಎಂದು ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದ್ದರೆ ಸಾಹುಕಾರರು ಮೊದಲು ಮಾಡುವ ಕೆಲಸ, ತಮ್ಮ ಬ್ಯಾಂಕ್ ಪಾಸ್‌ಬುಕ್ ತೆಗೆದು 75,000ದ ಸಾಲನ್ನು ನಿಮ್ಮ ಮುಂದೆ ಹಿಡಿಯುವುದು. 'ನಿಮ್ಮ ಹಿಸಾಬೇ ಸರಿ ಇಲ್ಲಲ್ರೀ' ಎಂಬ ಒಂದು ಮಾತು ಬಂತೆಂದರೆ ಉಳಿದ ನಾಲ್ಕು ಸಾಲುಗಳೂ ಅನುಮಾನಕ್ಕೆ ಬೀಳುತ್ತವೆ. ಬಿಲ್ಲುವಾರು ಮೊತ್ತ, ಕಳೆ ತೇಲುವ ಜಮಾ, ಸಮ ಲೆಡ್ಜರ್ ಬಾಕಿ. ಈ ತಾಳೆ ಆಗದ ಹೊರತು ಪತ್ರ ಟೈಪ್ ಮಾಡಲೇಬೇಡಿ.

ಕೈಯಲ್ಲಿರುವ ಮುಂದಿನ ತಾರೀಖಿನ ಚೆಕ್‌ಗಳನ್ನು ಮಾತ್ರ ಕಳೆಯಬೇಡಿ. ಅವು ಪಾಸಾದ ಮೇಲೆ ಜಮಾ. ಸೆಕ್ಯೂರಿಟಿ ಡಿಪಾಜಿಟ್ಟನ್ನೂ ಬಾಕಿಯಲ್ಲಿ ಮುರಿದು ತೋರಿಸಬೇಡಿ, ಪತ್ರದಲ್ಲಿ ಬೇರೆ ಸಾಲು ಕೊಡಿ.

2. ಯಾವ ಬಿಲ್ಲಿಗೆ ಜಮಾ ಎಂಬುದು ಬರೀ ನಿಮ್ಮ ಇಷ್ಟವಲ್ಲ

ಇದಕ್ಕೆ 1872ರ ಕರಾರು ಕಾಯ್ದೆಯಲ್ಲೇ ಕ್ರಮವಿದೆ, ಕಲಂ 59ರಿಂದ 61. ಕೊಟ್ಟವನು ಇಂಥ ಬಿಲ್ಲಿಗೆ ಎಂದು ಹೇಳಿದ್ದರೆ, ಆ ಹಣವನ್ನು ನೀವು ತೆಗೆದುಕೊಂಡಿದ್ದರೆ, ಆ ಬಿಲ್ಲಿಗೇ ಸೇರಬೇಕು. ಬಾಯಲ್ಲಿ ಹೇಳದಿದ್ದರೂ ಸಂದರ್ಭವೇ ಹೇಳುತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕಳಿಸಿದ ಮೊತ್ತ ಅಕ್ಟೋಬರಿನ ಒಂದು ಬಿಲ್ಲಿಗೆ ಪೈಸೆ ಸಮೇತ ಹೊಂದಿದರೆ ಅದನ್ನು ಜುಲೈಗೆ ಎಳೆಯುವಂತಿಲ್ಲ. ಏನೂ ಸೂಚನೆ ಇಲ್ಲದಿದ್ದಾಗ ಆಯ್ಕೆ ಸಾಲ ಕೊಟ್ಟವನದು. ಇಬ್ಬರೂ ಆಯ್ಕೆ ಮಾಡದಿದ್ದರೆ ಕಾಲಕ್ರಮದಂತೆ, ಹಳೆಯದು ಮೊದಲು.

ನಮ್ಮ 75,000 ಗುಂಡು ಮೊತ್ತ, ಯಾವ ಬಿಲ್ಲಿಗೂ ಹೊಂದುವುದಿಲ್ಲ, ಸೂಚನೆಯೂ ಇಲ್ಲ. ಆದ್ದರಿಂದ ಜುಲೈಗೆ ಹಾಕಿದ್ದು ಸರಿ. ಹಾಕಿದ ಮಾತನ್ನು ಪತ್ರದಲ್ಲಿ ಬರೆಯಿರಿ, ಮುಚ್ಚಿಡಬೇಡಿ.

3. ವಯಸ್ಸು ಯಾವ ದಿನದಿಂದ ಎಂದು ಹೇಳಿ

ಬಿಲ್ಲಿನ ತಾರೀಖಿನಿಂದ ಎಣಿಸಿದರೆ 45 ದಿನ, ಗಡುವಿನಿಂದ ಎಣಿಸಿದರೆ 15 ದಿನ. ಡಿಪೋ ಒಂದು ಲೆಕ್ಕ, ಅಂಗಡಿ ಇನ್ನೊಂದು ಲೆಕ್ಕ ಹಿಡಿದು ಫೋನಿನಲ್ಲಿ ಅರ್ಧ ತಾಸು ವಾದ ಮಾಡುವುದನ್ನು ಒಂದು ಸಾಲು ತಪ್ಪಿಸುತ್ತದೆ: 'ದಿನಗಳು ಬಿಲ್ ತಾರೀಖಿನಿಂದ. 30 ದಿನದೊಳಗಿನ 4,10,000 ಇನ್ನೂ ಗಡುವಿಗೆ ಬಂದಿಲ್ಲ.' ಗಡುವಿಗೆ ಬಾರದ್ದನ್ನು ಬಾಕಿಯ ಜೊತೆ ಸೇರಿಸಿ ಒಂಬತ್ತೂವರೆ ಲಕ್ಷ ಎಂದು ಹೆದರಿಸುವುದು ಹಳೆಯ ತಂತ್ರ, ಕೆಲಸ ಮಾಡದ ತಂತ್ರವೂ ಹೌದು. ಜುಲೈ ಬಿಲ್ ಸರಿಪಡಿಸಿದ ಮೇಲೆ ನಿಜಕ್ಕೂ ಗಡುವು ದಾಟಿದ್ದು 5,30,000.

4. 180ನೇ ದಿನವನ್ನು ಹೆಸರಿಟ್ಟು ಕರೆಯಿರಿ

ಬಡ್ಡಿಯ ಬೆದರಿಕೆಗಿಂತ ಡಿಸ್ಟ್ರಿಬ್ಯೂಟರ್‌ನ ಟ್ಯಾಕ್ಸ್ ಪ್ರಾಕ್ಟೀಷನರ್‌ಗೆ ಬೇಗ ತಟ್ಟುವ ಸಂಗತಿ ಇದು. ಜಿಎಸ್‌ಟಿ ಕಾಯ್ದೆಯ ಕಲಂ 16(2) ಮತ್ತು ನಿಯಮ 37ರ ಪ್ರಕಾರ, ಬಿಲ್ ತಾರೀಖಿನಿಂದ 180 ದಿನದೊಳಗೆ ಸರಕಿನ ಹಣ ಕೊಡದಿದ್ದರೆ ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತದೆ, ಕಟ್ಟಿದ ಬಡ್ಡಿ ಸಿಗುವುದಿಲ್ಲ.

ಜುಲೈ 20ರ ಬಿಲ್ಲಿಗೆ 180 ದಿನ ತುಂಬಿದ್ದು ಜನವರಿ 16ಕ್ಕೆ. ಆಗ ಸಿಮೆಂಟಿಗೆ 28% ಜಿಎಸ್‌ಟಿ ಇತ್ತು. ಪೂರ್ತಿ 1,45,000 ಬಾಕಿ ಎಂದುಕೊಂಡರೆ ಅದರೊಳಗಿನ ತೆರಿಗೆ ಸುಮಾರು 31,719 ರೂಪಾಯಿ. ತೇಲುವ ಜಮಾ ಕೂಡಿಸಿದ ಮೇಲೆ ಉಳಿದ 20,000ದಲ್ಲಿ ತೆರಿಗೆ 4,375 ಮಾತ್ರ. ಮೊದಲ ಸೂತ್ರವನ್ನು ಬಿಟ್ಟಿದ್ದರೆ ನಮ್ಮ ಪತ್ರವೇ ಒಬ್ಬ ಗಿರಾಕಿಯನ್ನು ಇಲ್ಲದ 27,000ಕ್ಕೆ ಸಿಕ್ಕಿಸುತ್ತಿತ್ತು.

ಇದಕ್ಕಿಂತ ಉಪಯೋಗದ್ದು ಮುಂದಿನ ತಾರೀಖು. 91ರಿಂದ 180ರ ಸಾಲಿನ 1,60,000 ಸೆಪ್ಟೆಂಬರ್ 10ರ ಬಿಲ್ ಎಂದಿಟ್ಟುಕೊಳ್ಳಿ. ಅದಕ್ಕೆ 180 ತುಂಬುವುದು 2026ರ ಮಾರ್ಚ್ 9ಕ್ಕೆ. ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಕಾಣಬೇಕಾದ ತಾರೀಖು ಇದೊಂದೇ. ಹೋದ ದಿನಕ್ಕೆ ಬೈಯುವುದರಿಂದ ಏನೂ ಬರುವುದಿಲ್ಲ, ಬರುವ ದಿನವನ್ನು ಐದು ವಾರ ಮೊದಲೇ ತಿಳಿಸಿದರೆ ದುಡ್ಡು ಬರುತ್ತದೆ.

5. ತಕರಾರಿನ ಹಣಕ್ಕೆ ಬೇರೆ ಸಾಲು

ಹಳೆ ಬಾಕಿ ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ಬಾಕಿಯೇ ಅಲ್ಲ, ಉತ್ತರ ಸಿಗದ ಪ್ರಶ್ನೆ. ಒಡೆದ ಚೀಲ, ಗಟ್ಟಿಯಾದ ಚೀಲ, ರೇಟ್ ಡಿಫರೆನ್ಸ್, ಲಾರಿ ಬಾಡಿಗೆ, ಬರಬೇಕಾದ ಡಿಸ್ಕೌಂಟ್. ಯಾವುದಕ್ಕೂ ಹೌದು ಅಲ್ಲ ಎನ್ನದೆ ಡಿಪೋ ಸುಮ್ಮನಿದ್ದರೆ ಸಾಹುಕಾರರು 28,000ದ ತಕರಾರಿಗೆ 1,60,000ದ ಬಿಲ್ ಪೂರ್ತಿ ತಡೆಹಿಡಿಯುತ್ತಾರೆ. ಅವರ ಕಡೆಯಿಂದ ಅದು ನ್ಯಾಯವೇ.

ನಮ್ಮ ಲೆಕ್ಕದಲ್ಲಿ ಆದದ್ದೂ ಇದೇ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. ಹತ್ತನೇ ತಾರೀಖು ಹಳೆ ದರದಲ್ಲಿ ತರಿಸಿದ ಚೀಲಗಳು ಗೋದಾಮಿನಲ್ಲಿ ಉಳಿದಿದ್ದವು, ಇಳಿದ ದರಕ್ಕೆ ಮಾರಬೇಕಾಯಿತು, ಆದ್ದರಿಂದ 28,000 ಕೊಡಿ ಎಂಬುದು ಡಿಸ್ಟ್ರಿಬ್ಯೂಟರ್‌ನ ಕೇಳಿಕೆ. ಇಲ್ಲಿ ಎರಡು ವಿಷಯ ಬೆರೆತಿವೆ, ಪತ್ರ ಅವನ್ನು ಬಿಡಿಸಬೇಕು. ತೆರಿಗೆಯ ಭಾಗ ಅವರಿಗೆ ನಷ್ಟವಲ್ಲ: 28%ರಲ್ಲಿ ಕಟ್ಟಿದ್ದು ಅವರ ಕ್ರೆಡಿಟ್ ಲೆಡ್ಜರಿನಲ್ಲಿ ಹಾಗೇ ಇದೆ, ಮುಂದಿನ ಮಾರಾಟದ ತೆರಿಗೆಗೆ ಮುರಿದುಕೊಳ್ಳಬಹುದು. ಕೈಯಲ್ಲಿದ್ದ ನಗದು ಅಷ್ಟು ದಿನ ಅಲ್ಲಿ ಸಿಕ್ಕಿಕೊಂಡಿತು ಎಂಬುದು ಮಾತ್ರ ಖರೆ. ಆದರೆ ತೆರಿಗೆಯ ಹೊರತಾದ ಮೂಲ ದರವನ್ನೂ ಆ ವಾರ ಕಂಪನಿ ಇಳಿಸಿದ್ದರೆ, ಅಥವಾ ಸ್ಟಾಕಿಗೆ ಪರಿಹಾರ ಕೊಡುವುದಾಗಿ ಸರ್ಕ್ಯುಲರ್ ಕಳಿಸಿದ್ದರೆ, ಆ ಭಾಗ ಕೊಡಲೇಬೇಕಾದ ಹಣ. ಸೆಪ್ಟೆಂಬರ್ 21ರ ಸಂಜೆಯ ಸ್ಟಾಕ್ ಎಷ್ಟಿತ್ತು ಎಂಬ ಕಾಗದವೊಂದು ಸಿಕ್ಕರೆ ಇದು ಒಂದು ದಿನದ ತೀರ್ಮಾನ.

ಕೊಡುವುದೆಂದಾದರೆ ಇನ್ನೊಂದು ಎಚ್ಚರ. ತೆರಿಗೆ ಸಮೇತ ಕ್ರೆಡಿಟ್ ನೋಟ್ ಹಾಕುವಾಗ ಹಳೆ ಬಿಲ್ಲಿನ ದರವಾದ 28%ರಲ್ಲೇ ಹಾಕಬೇಕು. ಈಗ 18% ಇದೆಯೆಂದು 18ರಲ್ಲಿ ಹಾಕಿದರೆ ಎರಡೂ ಕಡೆಯ ರಿಟರ್ನ್ ತಾಳೆಯಾಗುವುದಿಲ್ಲ. ತೆರಿಗೆ ಮುಟ್ಟದ ಹಣಕಾಸಿನ ಕ್ರೆಡಿಟ್ ನೋಟ್ ಆದರೆ ಈ ತೊಡಕಿಲ್ಲ.

ಪತ್ರದಲ್ಲಿ ಬರೆಯಬೇಕಾದ್ದು ಇಷ್ಟೇ: 'ಸೆಪ್ಟೆಂಬರ್ ಬಿಲ್ಲಿನಲ್ಲಿ 28,000 ಪರಿಶೀಲನೆಯಲ್ಲಿದೆ, ಉತ್ತರ ಫೆಬ್ರವರಿ 15ರೊಳಗೆ. ತಕರಾರಿಲ್ಲದ 1,32,000 ಈಗ ಕೊಡಿ.' ನೀವೇ ಗಡುವು ಹಾಕಿಕೊಂಡರೆ ಎದುರಿನವರ ಮೇಲೆ ಗಡುವು ಹಾಕುವ ಮುಖ ನಿಮಗಿರುತ್ತದೆ.

6. ಯಾರ ಹೆಸರಿಗೆ, ಯಾವ ಖಾತೆಗೆ

ಈ ಭಾಗಕ್ಕೆ ಇದು ಬಹಳ ಮುಖ್ಯ, ಚುಟುಕಾಗಿ ಹೇಳುತ್ತೇನೆ. ಇಲ್ಲಿನ ಕಾರ್ಖಾನೆಗಳು ಮಾಲೀಕರನ್ನು ಬದಲಿಸಿವೆ. ಸೇಡಂನ ವಾಸವದತ್ತಾ 2025ರ ಮಾರ್ಚ್ 1ರಿಂದ ಕೇಸೋರಾಮ್ ಕೈಯಿಂದ ಅಲ್ಟ್ರಾಟೆಕ್‌ಗೆ ಹೋಯಿತು. ಚೀಲದ ಮೇಲಿನ ಹೆಸರು ಒಂದೇ ಇದ್ದರೂ ಬಿಲ್ ಮಾಡುವ ಕಂಪನಿ, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ ಬೇರೆಯಾಗಬಹುದು. ಇಂಥ ಬದಲಾವಣೆ ಆದ ಕಡೆ 'ಹಿಂದಿನ ಖಾತೆಯಿಂದ ತಂದ ಆರಂಭದ ಬಾಕಿ' ಎಂದು ಒಂದೇ ಮೊತ್ತ ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಅದರ ಬಿಲ್ಲುವಾರು ಪಟ್ಟಿ ಜೊತೆಗಿರಲಿ. ಬ್ಯಾಂಕ್ ಖಾತೆ ಬದಲಾಗಿದ್ದರೆ ಪತ್ರದ ಜೊತೆ ಫೋನಿನಲ್ಲೂ ಹೇಳಿ. ಖಾತೆ ಬದಲಾಗಿದೆ ಎಂಬ ಸುಳ್ಳು ಮೇಲ್‌ನಿಂದ ಮೋಸ ಮಾಡುವವರಿದ್ದಾರೆ.

7. ಮುಂದಿನ ಹೆಜ್ಜೆಗೆ ತಾರೀಖು ಇರಲಿ, ತೊಗರಿಯ ಲೆಕ್ಕವೂ ಇರಲಿ

'ಆದಷ್ಟು ಬೇಗ' ಎಂಬುದು ತಾರೀಖಲ್ಲ. ಆದರೆ ತಾರೀಖು ಹಾಕುವವರಿಗೆ ಊರಿನ ದುಡ್ಡು ಯಾವಾಗ ಓಡಾಡುತ್ತದೆ ಎಂಬುದು ಗೊತ್ತಿರಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ ಮನೆ ಕಟ್ಟುವವನು ಅಂಗಡಿಗೆ ಬಾಕಿ ತೀರಿಸುವುದು ತೊಗರಿ ರಾಶಿಯಾಗಿ ಮಾಲು ಬಜಾರಕ್ಕೆ ಹೋದ ಮೇಲೆ. ಡಿಸೆಂಬರ್–ಜನವರಿ ಕಟಾವು, ಅದರ ಬೆನ್ನಿಗೆ ಕೈಯಲ್ಲಿ ಕಾಸು. ಅಕ್ಟೋಬರಿನಲ್ಲಿ ಫೋನ್ ಮಾಡಿದರೆ 'ತೊಗರಿ ರಾಶಿ ಆಗ್ಲಿ ತಡೀರಿ' ಎಂಬ ಉತ್ತರ ನೆಪವಲ್ಲ. ಅದೇ ಉತ್ತರ ಮಾರ್ಚಿನಲ್ಲಿ ಬಂದರೆ ಅದು ನೆಪ. ಆದ್ದರಿಂದ ಜನವರಿ ಕೊನೆಯ ಸ್ಟೇಟ್‌ಮೆಂಟ್ ವರ್ಷದ ಹನ್ನೆರಡರಲ್ಲಿ ಹೆಚ್ಚು ಕಾಳಜಿಯಿಂದ ಬರೆಯಬೇಕಾದ್ದು.

ಮಾಲು ನಿಲ್ಲಿಸುವ ಮಾತು ಬರೆಯಬೇಕಾದರೆ ಅದನ್ನು ನಿಜಕ್ಕೂ ಮಾಡುವ ಅಧಿಕಾರ ನಿಮಗಿದೆಯೇ ನೋಡಿಕೊಳ್ಳಿ. ಒಂದು ಕಡೆ ಅಕೌಂಟ್ಸ್‌ನವರು 'ಡಿಸ್ಪ್ಯಾಚ್ ಬಂದ್' ಎಂದು ಪತ್ರ ಹಾಕಿ, ಇನ್ನೊಂದು ಕಡೆ ಸೇಲ್ಸ್‌ನವರು ತಿಂಗಳ ಟಾರ್ಗೆಟ್‌ಗಾಗಿ ಎರಡು ಲಾರಿ ಇಳಿಸಿದರೆ ಆ ಸಹಿಗೆ ಮತ್ತೆಂದೂ ಬೆಲೆಯಿರುವುದಿಲ್ಲ. ಮಾರಾಟದ ಅಧಿಕಾರಿಗೆ ಕರಡು ತೋರಿಸಿದ ಮೇಲೇ ಪತ್ರ ಹೋಗಲಿ.

ಇಷ್ಟೆಲ್ಲ ಸೇರಿ ಪತ್ರ ಅರ್ಧ ಪುಟ ದಾಟಬಾರದು. ಹೀಗೆ:

'ಮಾನ್ಯ ಸಾಹುಕಾರರಿಗೆ ಶರಣು.
2026ರ ಜನವರಿ 31ರವರೆಗಿನ ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ಮತ್ತು ಬಿಲ್ಲುವಾರು ಪಟ್ಟಿ ಲಗತ್ತಿಸಿದ್ದೇವೆ. ಒಟ್ಟು ಬಾಕಿ ರೂ. 9,40,000. ಇದರಲ್ಲಿ 4,10,000 ಗಡುವಿಗೆ ಬಂದಿಲ್ಲ. 5,30,000 ಗಡುವು ದಾಟಿದೆ. ದಿನಗಳನ್ನು ಬಿಲ್ ತಾರೀಖಿನಿಂದ ಎಣಿಸಿದ್ದೇವೆ.
ನವೆಂಬರಿನಲ್ಲಿ ನೀವು ಕಳಿಸಿದ 75,000 ಹಾಗೂ ಡಿಸ್ಕೌಂಟಿನ 50,000ವನ್ನು ಜುಲೈ 20ರ ಬಿಲ್ಲಿಗೆ ಜಮಾ ಮಾಡಿದ್ದೇವೆ. ಅದರಲ್ಲಿ ಉಳಿದದ್ದು 20,000. ಇದಕ್ಕೆ 180 ದಿನ ದಾಟಿದೆ, ದಯವಿಟ್ಟು ಫೆಬ್ರವರಿ 7ರೊಳಗೆ ಕಳಿಸಿ.
ಸೆಪ್ಟೆಂಬರ್ 10ರ ಬಿಲ್ಲಿನ 1,60,000ದಲ್ಲಿ ನೀವು ಎತ್ತಿರುವ 28,000ದ ವಿಷಯಕ್ಕೆ ಫೆಬ್ರವರಿ 15ರೊಳಗೆ ಲಿಖಿತ ಉತ್ತರ ಕೊಡುತ್ತೇವೆ. ಸೆಪ್ಟೆಂಬರ್ 21ರ ಸ್ಟಾಕ್ ವಿವರ ಕಳಿಸಿಕೊಡಿ. ಉಳಿದ 1,32,000 ಫೆಬ್ರವರಿ 28ರೊಳಗೆ ಬರಲಿ. ಮಾರ್ಚ್ 9ಕ್ಕೆ ಈ ಬಿಲ್ಲಿಗೂ 180 ದಿನ ತುಂಬುತ್ತದೆ.
ನವೆಂಬರ್, ಡಿಸೆಂಬರ್ ಬಿಲ್ಲುಗಳ 3,50,000ವನ್ನು ಫೆಬ್ರವರಿಯಲ್ಲಿ ವಾರಕ್ಕೆ 87,500ರಂತೆ ನಾಲ್ಕು ಕಂತಿನಲ್ಲಿ ಕೊಡಬಹುದು. ಜುಲೈ ಬಾಕಿ ತೀರಿದ ದಿನದಿಂದ ಉದ್ರಿ ಮಾಲು ಎಂದಿನಂತೆ. ಅಲ್ಲಿಯವರೆಗೆ ಹೊಸ ಲೋಡು ಮುಂಗಡ ಹಣಕ್ಕೆ ಮಾತ್ರ.
ಲೆಕ್ಕ ಸರಿಯಿದ್ದರೆ ಕೆಳಗೆ ಸಹಿ, ಸಿಕ್ಕಾ, ತಾರೀಖು ಹಾಕಿ ಒಂದು ಪ್ರತಿ ಮರಳಿಸಿ. ವ್ಯತ್ಯಾಸವಿದ್ದರೆ ಬಿಲ್ ನಂಬರ್ ಮತ್ತು ಮೊತ್ತ ಬರೆದು ಸಹಿ ಮಾಡಿ.'

ಮರ್ಯಾದೆ ಬಿಡದ, ಮೊತ್ತವನ್ನೂ ಬಿಡದ ಪತ್ರ. ಸ್ಟೇಟ್‌ಮೆಂಟ್ ಇಂಗ್ಲಿಷಿನಲ್ಲಿದ್ದರೂ ಪತ್ರ ಕನ್ನಡದಲ್ಲಿರಲಿ. ಗಲ್ಲೆಯ ಮೇಲೆ ಕೂತವರು ತಾವೇ ಓದುತ್ತಾರೆ, ಲೆಡ್ಜರನ್ನು ಮುನೀಮರಿಗೋ ಮಗನಿಗೋ ದಾಟಿಸುತ್ತಾರೆ.

ಸಣ್ಣ ವ್ಯತ್ಯಾಸ ಕಂಡಾಗ ಮೊದಲು ಟಿಡಿಎಸ್ ನೋಡಿ. ಹಿಂದಿನ ವರ್ಷ ಹತ್ತು ಕೋಟಿ ಮೀರಿದ ವಹಿವಾಟಿನ ಖರೀದಿದಾರರು ಒಬ್ಬರಿಂದ 50 ಲಕ್ಷ ಮೀರಿ ಕೊಂಡಾಗ 0.1% ಮುರಿಯಬೇಕೆಂಬ ನಿಯಮ 2021ರ ಜುಲೈಯಿಂದ ಬಂದಿದೆ. ಬಿಲ್ಲಿಗೊಂದು ನೂರಿನ್ನೂರು ರೂಪಾಯಿ ಉಳಿದುಕೊಂಡು ಹಳೆಯದಾಗುತ್ತಾ ಹೋಗುವುದು ಹೆಚ್ಚಾಗಿ ಇದೇ.

8. ಸಹಿ ಇಲ್ಲದೆ ಫೈಲ್ ಮಾಡಬೇಡಿ

'ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಲೆಕ್ಕ ಒಪ್ಪಿದಂತೆ' ಎಂಬ ಸಾಲನ್ನು ಎಲ್ಲರೂ ಹಾಕುತ್ತಾರೆ. ಆಡಿಟಿಗೆ ಅದು ಸಾಕಾಗಬಹುದು, ಕೋರ್ಟಿಗೆ ಸಾಲದು. 1963ರ ಕಾಲಮಿತಿ ಕಾಯ್ದೆಯಂತೆ ಉದ್ರಿ ಮಾಲಿನ ಹಣಕ್ಕೆ ದಾವೆ ಹಾಕಲು ಮೂರು ವರ್ಷ, ಉದ್ರಿಯ ಅವಧಿ ಮುಗಿದ ದಿನದಿಂದ. ಜುಲೈ 20ರ ಬಿಲ್ಲಿನ 30 ದಿನ ಮುಗಿದದ್ದು 2025ರ ಆಗಸ್ಟ್ 19ಕ್ಕೆ, ಆದ್ದರಿಂದ ಮಿತಿ 2028ರ ಆಗಸ್ಟ್. ಅದರೊಳಗೆ ಸಾಲಗಾರರು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಕಲಂ 18ರಂತೆ ಸಹಿಯ ದಿನದಿಂದ ಹೊಸ ಮೂರು ವರ್ಷ. 'ಬಾಕಿ ಖರೆ, ಆದರೆ ನನಗೆ 28,000 ಬರಬೇಕು' ಎಂದು ತಕರಾರು ಸಮೇತ ಸಹಿ ಹಾಕಿದರೂ ಅದು ಒಪ್ಪಿಗೆಯೇ. ಆದ್ದರಿಂದ ವ್ಯತ್ಯಾಸ ಬರೆಯಲು ಪತ್ರದಲ್ಲಿ ಜಾಗ ಬಿಡಿ, ಹೆದರಬೇಡಿ.

ಸಹಿ ಮಾಲೀಕರದ್ದೋ ಪಾಲುದಾರರದ್ದೋ ಅವರು ಅಧಿಕಾರ ಕೊಟ್ಟವರದ್ದೋ ಇರಬೇಕು. ಕೌಂಟರಿನ ಹುಡುಗ 'ರಿಸೀವ್ಡ್' ಎಂದು ಗೀಚಿದ್ದು ಪತ್ರ ಮುಟ್ಟಿದ್ದಕ್ಕೆ ಸಾಕ್ಷಿ, ಬಾಕಿ ಒಪ್ಪಿದ್ದಕ್ಕಲ್ಲ. ಮಿತಿ ಮುಗಿದ ಮರುದಿನ ಪಡೆದ ಬರೀ ಒಪ್ಪಿಗೆ ಸಹಿಯಿಂದ ಆ ಮೂರು ವರ್ಷ ಮರಳುವುದಿಲ್ಲ. ಆಮೇಲೆ ಬೇಕಾಗುವುದು ಕೊಡುತ್ತೇನೆಂಬ ಲಿಖಿತ ವಾಗ್ದಾನ, ಅದನ್ನು ಬರೆದುಕೊಡುವ ಸಾಲಗಾರ ಅಪರೂಪ.